ಹದಿನೈದು ಕೆಜಿ ಟಿನ್ನಿನ ಲೆಕ್ಕ

ದುಗ್ಗಮ್ಮನ ಜಾತ್ರೆಗೆ ನೆಂಟರು ಜಾಸ್ತಿ ಬರ್ತಾರೆ ಅಂತ ನನ್ನ ತಂಗಿ ದಿನಸಿ ಪಟ್ಟಿ ಮಾಡಿದ್ದಳು. ಯಾವ ಸೈಜಿನ ಪ್ಯಾಕೆಟ್ ಅಗ್ಗ ಅಂತ ಪಕ್ಕದಲ್ಲೇ ಟಿಕ್ ಹಾಕಿದ್ದಳು. ಅಂಗಡಿಗೆ ಹೋಗೋ ಮುಂಚೆ ಒಂದ್ಸಲ ನೋಡೋಣ ಅಂತ ಕೂತೆ.

ಸೂರ್ಯಕಾಂತಿ ಎಣ್ಣೆಯಲ್ಲಿ 136 ರೂಪಾಯಿಯ ಪ್ಯಾಕೆಟ್‌ಗೆ ಟಿಕ್ ಬಿದ್ದಿತ್ತು, ಯಾಕಂದ್ರೆ ಪಕ್ಕದ್ದು 143. ಆದರೆ 136ರದ್ದರಲ್ಲಿ ಇರೋದು 850 ಗ್ರಾಂ. 143ರದ್ದು ಪೂರ್ತಿ ಒಂದು ಲೀಟರ್, ಅದರ ಮೇಲೆ ಸಣ್ಣಕ್ಷರದಲ್ಲಿ 910 ಗ್ರಾಂ ಅಂತಲೂ ಇದೆ. ಎಣ್ಣೆ ನೀರಿಗಿಂತ ಹಗುರ, ಲೀಟರ್ ಅಂದ್ರೆ ಕೆಜಿ ಅಲ್ಲ. ಹಾಗಾಗಿ ಎರಡನ್ನೂ ಕೆಜಿಗೆ ತಂದೆ. ಮೊದಲನೆಯದು 136 ಭಾಗಿಸು 0.850, ಕೆಜಿಗೆ 160 ರೂಪಾಯಿ. ಎರಡನೆಯದು 143 ಭಾಗಿಸು 0.910, ಸುಮಾರು 157. ಐದು ಲೀಟರ್ ಕ್ಯಾನ್ 730 ರೂಪಾಯಿ, ಅಂದ್ರೆ ಲೀಟರಿಗೆ 146, ಲೀಟರ್ ಪ್ಯಾಕೆಟ್ 143ಕ್ಕೇ ಸಿಗುತ್ತೆ. ದೊಡ್ಡದೇ ದುಬಾರಿ!

ಮಂಡಿಪೇಟೆಯಲ್ಲಿ ಕೇಳಿದ್ದ ಟಿನ್ನು 2,340 ರೂಪಾಯಿ. ತಂಗಿ ಅದನ್ನು 15ರಿಂದ ಭಾಗಿಸಿ, 156 ಬಂತು, ಪ್ಯಾಕೆಟ್ 143 ಅಲ್ವಾ, ಬೇಡ ಅಂತ ಹೊಡೆದು ಹಾಕಿದ್ದಳು. ಟಿನ್ನಿನ ಮೇಲೆ ಬರೆದಿರೋದು 15 ಕೆಜಿ, ಲೀಟರ್ ಅಲ್ಲ. 0.91ರಿಂದ ಭಾಗಿಸಿದ್ರೆ ಹದಿನಾರೂವರೆ ಲೀಟರ್ ಹತ್ತಿರ ಆಗುತ್ತೆ, ಲೀಟರಿಗೆ 142. "ಅಯ್ಯೋ ಅಣ್ಣ, ಹಂಗಾದ್ರೆ ಟಿನ್ನೇ ತಗೊಳ್ಳೋಣ" ಅಂದಳು.

ನಿಲ್ಲು ಅಂದೆ. ಅಷ್ಟೇ ಎಣ್ಣೆಗೆ ಲೀಟರ್ ಪ್ಯಾಕೆಟ್ ತಗೊಂಡ್ರೆ ಸುಮಾರು 2,357. ಉಳಿಯೋದು ಹದಿನೇಳು ರೂಪಾಯಿ, ಮಂಡಿಪೇಟೆಯಿಂದ ಟಿನ್ ತರೋ ಆಟೋಕ್ಕೂ ಸಾಲಲ್ಲ. ಒಡೆದ ಟಿನ್ನು ತಿಂಗಳುಗಟ್ಟಲೆ ಇಟ್ಟರೆ ಎಣ್ಣೆ ಕಮಟಾಗುತ್ತೆ, ಅದು ಬೇರೆ.

ಪಟ್ಟಿಯಲ್ಲಿ ಇನ್ನೊಂದು ತಪ್ಪಿತ್ತು, ಅದು ಅವಳದ್ದಲ್ಲ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆ ಗ್ರಾಂಗೆ ಎಷ್ಟು ಅಂತಲೂ ಅಚ್ಚಾಗಿರುತ್ತೆ. ಅರ್ಧ ಕೆಜಿ ರವೆ 34 ರೂಪಾಯಿ, ಪಕ್ಕದಲ್ಲಿ ಗ್ರಾಂಗೆ 0.07. ಕೆಜಿಗೆ 70 ಆಯ್ತಲ್ಲ ಅಂತ ಅವಳು 69 ರೂಪಾಯಿಯ ಕೆಜಿ ಪ್ಯಾಕೆಟ್‌ಗೆ ಟಿಕ್ ಹಾಕಿದ್ದಳು. 34ನ್ನು 500ರಿಂದ ಭಾಗಿಸಿದ್ರೆ ಬರೋದು 0.068, ಅದನ್ನು ಎರಡೇ ಅಂಕಿಗೆ ಸರಿ ಮಾಡಿ 0.07 ಅಂತ ಹಾಕಿದ್ದಾರೆ. ಎರಡು ಅರ್ಧ ಕೆಜಿ ತಗೊಂಡ್ರೆ 68 ತಾನೇ? ಅಗ್ಗದ ಸಾಮಾನಿಗೆ ಆ ಅಚ್ಚಿನ ದರ ನಂಬಬೇಡಿ, ಬೆಲೆಯನ್ನೇ ತೂಕದಿಂದ ಭಾಗಿಸಿ. ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆಗೆ ಕೊಟ್ಟಿದ್ದರಂತೂ ಆ ದರ ಲೆಕ್ಕಕ್ಕೇ ಬರಲ್ಲ, ಅದು ಎಂಆರ್‌ಪಿ ಮೇಲೆ ಹಾಕಿದ್ದು.

ಕೊನೆಗೆ ಒಂದು ಲೀಟರಿನ ಹನ್ನೆರಡು ಪ್ಯಾಕೆಟ್ ತಂದೆವು. ಜಾತ್ರೆ ಮುಗಿದಾಗ ಎರಡು ಒಡೆಯದೇ ಉಳಿದಿದ್ದವು, ಒಂದನ್ನು ತಂಗಿ ಮನೆಗೆ ಒಯ್ದಳು.