ಪ್ರಶ್ನೆಯ ಬಾಲದಲ್ಲಿರುವ ಪದ: ‘ಎಕ್ಸೆಪ್ಟ್’, ‘ನಾಟ್’, ‘ಮೋಸ್ಟ್ ಅಪ್ರೋಪ್ರಿಯೇಟ್’ ಓದುವ ಬಗೆ

ವೈದ್ಯಕೀಯ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ಕುಳಿತು ಅವರ ಮಾದರಿ ಪರೀಕ್ಷೆಯ ಉತ್ತರಗಳನ್ನು ನೋಡುವಾಗ, ವಿಷಯ ಚೆನ್ನಾಗಿ ಗೊತ್ತಿದ್ದೂ ತಪ್ಪಾದ ಪ್ರಶ್ನೆಗಳು ಪ್ರತಿ ಸಲವೂ ಕೆಲವು ಸಿಗುತ್ತವೆ. ಇಂತಹ ಒಂದು ಪ್ರಶ್ನೆಯನ್ನು ಈ ಬಾರಿ ಅವರ ಮುಂದಿಟ್ಟೆ. ‘ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಇವೆಲ್ಲವೂ ಕಂಡುಬರುತ್ತವೆ, ಎಕ್ಸೆಪ್ಟ್’ ಎಂಬುದು ಪ್ರಶ್ನೆ. ಆಯ್ಕೆಗಳು ನಾಲ್ಕು: ಫೆರಿಟಿನ್ ಇಳಿಕೆ, ಟಿಐಬಿಸಿ ಏರಿಕೆ, ಕೆಂಪು ರಕ್ತಕಣಗಳ ಗಾತ್ರ ಕುಗ್ಗುವುದು, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಏರಿಕೆ.

ತಪ್ಪಿದವರಲ್ಲಿ ಹೆಚ್ಚಿನವರು ಗುರುತು ಹಾಕಿದ್ದು ಮೊದಲನೆಯ ಆಯ್ಕೆಗೆ. ಫೆರಿಟಿನ್ ಇಳಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದೇ ಮೊದಲು ಎದುರಾದ್ದರಿಂದ ಕೈ ಅಲ್ಲಿಯೇ ನಿಂತಿತು. ಇಂಗ್ಲಿಷ್ ಪ್ರಶ್ನೆಯಲ್ಲಿ ‘ಎಕ್ಸೆಪ್ಟ್’ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ, ಅಷ್ಟರೊಳಗೆ ಅವಸರದ ಕಣ್ಣು ಆಯ್ಕೆಗಳಿಗೆ ಜಾರಿರುತ್ತದೆ. ಆದ್ದರಿಂದ ಆಯ್ಕೆಗಳನ್ನು ನೋಡುವ ಮೊದಲೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ: ‘ಈ ನಾಲ್ಕರಲ್ಲಿ ಕಂಡುಬರದೇ ಇರುವುದು ಯಾವುದು?’ ನಮ್ಮ ಮಾತಿನಲ್ಲಿ ನಿಷೇಧವು ‘ಯಾವುದು’ ಎಂಬ ಪದದ ಪಕ್ಕದಲ್ಲೇ ಬಂದು ಕೂರುವುದರಿಂದ ಅದನ್ನು ಮರೆಯುವುದು ಕಷ್ಟ.

ಅನಂತರ ಸರಿಯಾದುದನ್ನು ಹುಡುಕಲು ಹೋಗದೆ, ಒಂದೊಂದೇ ಆಯ್ಕೆಯನ್ನು ಸ್ವತಂತ್ರ ಹೇಳಿಕೆಯೆಂದು ಓದಿ ಅದರ ಪಕ್ಕದಲ್ಲಿ ‘ಸರಿ’ ಅಥವಾ ‘ತಪ್ಪು’ ಎಂದು ಬರೆಯಿರಿ. ಪರದೆಯ ಮೇಲಿನ ಪರೀಕ್ಷೆಯಾದರೆ ಕಚ್ಚಾ ಹಾಳೆ ಸಾಕು. ಇಲ್ಲಿ ಮೊದಲ ಮೂರಕ್ಕೆ ‘ಸರಿ’ ಬೀಳುತ್ತದೆ. ಕಬ್ಬಿಣ ಕಡಿಮೆಯಾದಾಗ ಅದನ್ನು ಹೊರುವ ಟ್ರಾನ್ಸ್‌ಫೆರಿನ್ ಹೆಚ್ಚುತ್ತದೆ, ಆದರೆ ಅದರ ಮೇಲೆ ಕೂರಲು ಕಬ್ಬಿಣವೇ ಇರುವುದಿಲ್ಲ. ಹೀಗಾಗಿ ಸ್ಯಾಚುರೇಶನ್ ಇಳಿಯಬೇಕು, ಏರಬಾರದು. ಒಂಟಿಯಾಗಿ ಉಳಿದ ಈ ‘ತಪ್ಪು’ ನಮ್ಮ ಉತ್ತರ. ಮೂರು ‘ತಪ್ಪು’, ಒಂದು ‘ಸರಿ’ ಬಂದರೆ ಪ್ರಶ್ನೆಯನ್ನೇ ತಿರುವುಮುರುವಾಗಿ ಓದಿರುವ ಸಾಧ್ಯತೆ ಹೆಚ್ಚು, ಮತ್ತೊಮ್ಮೆ ಓದಿ.

‘ನಾಟ್’ ಒಂದೇ ಇದ್ದರೆ ಇದೇ ಕ್ರಮ ಸಾಕು. ತೊಡಕಾಗುವುದು ಅದು ಇನ್ನೊಂದು ನಿಷೇಧದೊಂದಿಗೆ ಜೊತೆಗೂಡಿದಾಗ. ‘ಗರ್ಭಿಣಿಯ ಅಧಿಕ ರಕ್ತದೊತ್ತಡದಲ್ಲಿ ಇವುಗಳ ಪೈಕಿ ನಿಷಿದ್ಧವಲ್ಲದ ಔಷಧ ಯಾವುದು’ ಎಂದು ಕೇಳಿ ಎನಲಾಪ್ರಿಲ್, ಲೋಸಾರ್ಟಾನ್, ರಾಮಿಪ್ರಿಲ್, ಮಿಥೈಲ್‌ಡೋಪಾ ಎಂದು ಕೊಟ್ಟಿದ್ದರೆ, ಎರಡು ನಿಷೇಧಗಳನ್ನೂ ಹೊಡೆದುಹಾಕಿ ‘ಕೊಡಬಹುದಾದದ್ದು ಯಾವುದು’ ಎಂದು ಬದಲಿಸಿಕೊಳ್ಳಿ. ಮಿಥೈಲ್‌ಡೋಪಾ ಆಗ ತಾನಾಗಿ ಎದ್ದು ಕಾಣುತ್ತದೆ.

‘ಮೋಸ್ಟ್ ಅಪ್ರೋಪ್ರಿಯೇಟ್’ ಬೇರೆಯೇ ಜಾತಿಯದು. ಇಲ್ಲಿ ಸರಿ-ತಪ್ಪಿನ ಗುರುತು ಕೈಕೊಡುತ್ತದೆ, ಏಕೆಂದರೆ ಒಂದಕ್ಕಿಂತ ಹೆಚ್ಚು ಆಯ್ಕೆಗಳು ಸರಿಯೇ ಆಗಿರುತ್ತವೆ. ಅಪಘಾತದಲ್ಲಿ ಎದೆಗೆ ಪೆಟ್ಟು ಬಿದ್ದ ಯುವಕನೊಬ್ಬ ಏದುಸಿರು ಬಿಡುತ್ತಿದ್ದಾನೆ, ರಕ್ತದೊತ್ತಡ 80/50, ಶ್ವಾಸನಾಳ ಎಡಕ್ಕೆ ಸರಿದಿದೆ, ಬಲಗಡೆ ಉಸಿರಿನ ಸದ್ದು ಕೇಳುತ್ತಿಲ್ಲ, ತಟ್ಟಿದರೆ ಅತಿಯಾಗಿ ಅನುರಣಿಸುತ್ತದೆ. ಆಯ್ಕೆಗಳು: ಎದೆಯ ಎಕ್ಸ್‌ರೇ, ಸೂಜಿಯಿಂದ ಗಾಳಿ ಹೊರಬಿಡುವುದು, ಎದೆಗೆ ಕೊಳವೆ ಹಾಕುವುದು, ಸಿಟಿ ಸ್ಕ್ಯಾನ್.

ಇದು ಟೆನ್ಷನ್ ನ್ಯೂಮೋಥೊರಾಕ್ಸ್ ಎಂದು ಎಲ್ಲರೂ ಗುರುತಿಸಿದರು, ಆದರೆ ಅಲ್ಲಿಂದ ಮುಂದೆ ತರಗತಿ ಇಬ್ಭಾಗವಾಯಿತು. ಕೊಳವೆ ಎಂದವರು ಓದಿದ್ದು ಸುಳ್ಳಲ್ಲ, ಕೊನೆಗೆ ಅದನ್ನು ಹಾಕಲೇಬೇಕು. ಪ್ರಶ್ನೆಯಲ್ಲಿ ಇದ್ದದ್ದು ಮಾತ್ರ ‘ಅತ್ಯಂತ ಸೂಕ್ತವಾದ ತಕ್ಷಣದ ಕ್ರಮ’. ಈ ‘ತಕ್ಷಣದ’ ಎಂಬ ಪದವನ್ನೇ ಅಳತೆಗೋಲಾಗಿ ಹಿಡಿದು ಪ್ರತಿ ಆಯ್ಕೆಯನ್ನೂ ‘ಮುಂದಿನ ಕೆಲವೇ ನಿಮಿಷಗಳಲ್ಲಿ ಇದು ಇವನ ಜೀವ ಉಳಿಸುತ್ತದೆಯೇ’ ಎಂದು ಕೇಳಿದರೆ ಸೂಜಿ ಉಳಿಯುತ್ತದೆ. ರೋಗನಿರ್ಣಯ ಹಾಸಿಗೆಯ ಬಳಿಯಲ್ಲೇ ಆಗಿರುವುದರಿಂದ ಎಕ್ಸ್‌ರೇಗೆ ಕಾಯುವುದು ಅಪಾಯಕರ. ಅದೇ ರೋಗಿಯ ವಿವರದ ಕೆಳಗೆ ‘ಅಂತಿಮ ಚಿಕಿತ್ಸೆ’ ಎಂದಿದ್ದರೆ ಕೊಳವೆಯೇ ಉತ್ತರವಾಗುತ್ತಿತ್ತು. ಆದ್ದರಿಂದ ‘ಮೋಸ್ಟ್’ ಕಂಡೊಡನೆ ಅದರ ಅಕ್ಕಪಕ್ಕ ‘ಮೊದಲ’, ‘ಮುಂದಿನ’, ‘ಅಂತಿಮ’ ಎಂಬಂಥ ಇನ್ನೊಂದು ಪದವಿದೆಯೇ ಎಂದು ನೋಡಿ. ಅಂಥದ್ದೇನೂ ಇಲ್ಲದಿದ್ದರೆ ರೋಗಿಯ ಈಗಿನ ಸ್ಥಿತಿಯೇ ಅಳತೆಗೋಲು. ಅದಕ್ಕಾಗಿಯೇ ರಕ್ತದೊತ್ತಡವನ್ನು ಅಲ್ಲಿ ಬರೆದಿರುತ್ತಾರೆ.

ಅಭ್ಯಾಸಕ್ಕೆ ನಾನು ಕೊಟ್ಟ ಕೆಲಸ ಇಷ್ಟೇ. ಈ ವಾರ ತಪ್ಪಿದ ಪ್ರತಿ ಪ್ರಶ್ನೆಯ ಎದುರು ‘ಗೊತ್ತಿರಲಿಲ್ಲ’ ಅಥವಾ ‘ಓದಲಿಲ್ಲ’ ಎಂದು ಬರೆಯಬೇಕು. ‘ಓದಲಿಲ್ಲ’ ಎಂದಿರುವ ಪ್ರಶ್ನೆಗಳಲ್ಲಿ ಆ ಪದವೊಂದನ್ನೇ ಬದಲಿಸಿ, ಆಯ್ಕೆಗಳನ್ನು ಹಾಗೆಯೇ ಇಟ್ಟು, ಹೊಸ ಉತ್ತರವೇನು ಮತ್ತು ಏಕೆ ಎಂದು ಒಂದು ಸಾಲಿನಲ್ಲಿ ಬರೆದು ತರಬೇಕು.