ದಿನ ಬಿಟ್ಟು ದಿನ ಚಳಿಜ್ವರ: ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ

ನಾನು ಮಂಗಳೂರಿನ ಒಂದು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಳೆ ಶುರುವಾದ ಮೇಲೆ ಚಳಿಜ್ವರ ಅಂತ ಬರುವವರಲ್ಲಿ ಕಟ್ಟಡ ಕೆಲಸದವರೇ ಜಾಸ್ತಿ. ನೀರು ನಿಂತ ಕಟ್ಟಡದಲ್ಲೇ ಅವರು ಮಲಗುವುದು.

ಒಂದು ಬುಧವಾರ ಕೊಪ್ಪಳ ಕಡೆಯ ಟೈಲ್ಸ್ ಕೆಲಸದ ಹುಡುಗ ಬಂದ. "ಅಕ್ಕಾರ, ಸೋಮವಾರ ಮಧ್ಯಾಹ್ನ ಗಡಗಡ ನಡುಗಿದೆ ನೋಡ್ರಿ. ನಿನ್ನೆ ಆರಾಮ ಇದ್ದೆ, ಕೆಲಸಕ್ಕೂ ಹೋಗಿದ್ದೆ. ಇವತ್ತು ಅದೇ ಹೊತ್ತಿಗೆ ಮತ್ತ ಶುರುವಾಗೇತ್ರಿ" ಅಂದ. ಜೇಬಿನಲ್ಲಿ ಜೊತೆಗಾರ ಉಳಿಸಿದ್ದ ಮಲೇರಿಯಾದ ಮಾತ್ರೆ, ಕ್ಲೋರೋಕ್ವಿನ್ ಇತ್ತು. ಇನ್ನೂ ನುಂಗಿರಲಿಲ್ಲ.

ನಾನು ಮೊದಲು ಹೊತ್ತು ಬರೆದುಕೊಳ್ಳುತ್ತೇನೆ. ನಡುಕ ಎಷ್ಟು ಗಂಟೆಗೆ ಬಂತು, ಮೈ ಯಾವಾಗ ಕಾದಿತು, ಬೆವರಿ ಯಾವಾಗ ಇಳಿಯಿತು. ಪ್ಯಾರಾಸಿಟಮಾಲ್ ತಗೊಂಡಿದ್ದರೆ ಅದರ ಹೊತ್ತನ್ನೂ ಕೇಳುತ್ತೇನೆ, ಯಾಕಂದರೆ ಅದು ಜ್ವರದ ಏರಿಳಿತವನ್ನು ಮುಚ್ಚಿಬಿಡುತ್ತದೆ. ಹಿಂದೆ ಮಲೇರಿಯಾ ಬಂದಿತ್ತಾ ಅನ್ನುವುದೂ ಬೇಕು. ವೈವ್ಯಾಕ್ಸ್ ಮಲೇರಿಯಾದಲ್ಲಿ ರೋಗಾಣುಗಳು ಸುಮಾರು 48 ಗಂಟೆಗೊಮ್ಮೆ ಕೆಂಪು ರಕ್ತಕಣ ಒಡೆದು ಹೊರಬರುತ್ತವೆ. ಚಳಿ ಬರುವುದು ಆಗಲೇ. ಆದರೆ ಮೊದಲ ಕೆಲವು ದಿನ ಜ್ವರ ದಿನಾ ಬರಬಹುದು. ಫಾಲ್ಸಿಪಾರಂ ಅನ್ನುವ ಇನ್ನೊಂದು ಜಾತಿಯ ಮಲೇರಿಯಾದಲ್ಲಂತೂ ಎಷ್ಟೋ ಸಲ ಲೆಕ್ಕವೇ ಇರುವುದಿಲ್ಲ. ಹಾಗಾಗಿ ದಿನ ಬಿಟ್ಟು ದಿನ ಬರುತ್ತದಾ ಅಂತ ಕಾಯುತ್ತಾ ಕೂರಬಾರದು.

ಅವನ ಬೆರಳು ಚುಚ್ಚಿ ಒಂದೇ ಗಾಜಿನ ಮೇಲೆ ಎರಡು ಲೇಪ ಮಾಡಿದೆ. ರೋಗಾಣು ಇದೆಯಾ ಅಂತ ಹುಡುಕಲು ದಪ್ಪ ಲೇಪ, ಅದು ಯಾವ ಜಾತಿಯದು ಅಂತ ಗುರುತಿಸಲು ತೆಳು ಲೇಪ. ತೆಳು ಲೇಪದಲ್ಲಿ ಕೆಲವು ಕೆಂಪು ಕಣಗಳು ಪಕ್ಕದವಕ್ಕಿಂತ ಊದಿಕೊಂಡಿದ್ದವು, ಒಳಗೆ ಸಣ್ಣ ಚುಕ್ಕೆಗಳು. ವೈವ್ಯಾಕ್ಸ್.

ಆ ಮಾತ್ರೆ ಮೊದಲೇ ನುಂಗಿದ್ದರೆ? ಅರೆಬರೆ ಕ್ಲೋರೋಕ್ವಿನ್‌ನಿಂದ ರಕ್ತದಲ್ಲಿ ರೋಗಾಣು ಕಡಿಮೆಯಾಗಿ, ನನ್ನ ಕಣ್ಣಿಗೆ ಬೀಳದೇ ಹೋಗಬಹುದಿತ್ತು. ಫಾಲ್ಸಿಪಾರಂ ಆಗಿದ್ದರೆ ಅದಕ್ಕೆ ಬೇರೆಯೇ ಔಷಧಿ ಬೇಕು, ತಡವಾದರೆ ಜೀವಕ್ಕೇ ಅಪಾಯ. ವೈವ್ಯಾಕ್ಸ್‌ಗೂ ಕ್ಲೋರೋಕ್ವಿನ್ ಒಂದೇ ಸಾಲದು. ಅದು ರಕ್ತದಲ್ಲಿರುವುದನ್ನಷ್ಟೇ ಕೊಲ್ಲುತ್ತದೆ. ಲಿವರ್‌ನಲ್ಲಿ ಅಡಗಿ ಕೂತದ್ದು ವಾರಗಳೋ ತಿಂಗಳೋ ಬಿಟ್ಟು ಮತ್ತೆ ಎದ್ದು ಬರುತ್ತದೆ. ಅದಕ್ಕೆ ಡಾಕ್ಟರು ಅವನಿಗೆ 3 ದಿನ ಕ್ಲೋರೋಕ್ವಿನ್ ಜೊತೆಗೆ, ತೂಕ ನೋಡಿ 14 ದಿನದ ಪ್ರೈಮಾಕ್ವಿನ್ ಬರೆದರು. ಇದನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಲ್ಲಿ ಇದು ರಕ್ತಕಣಗಳನ್ನೇ ಒಡೆಯುತ್ತದೆ. ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಬಾ ಅಂತ ಅವನಿಗೆ ಹೇಳಿ ಕಳಿಸಿದರು.

ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಮಲೇರಿಯಾ ಇಲ್ಲ ಅಂತ ನಾನು ಬಿಟ್ಟುಬಿಡುವುದಿಲ್ಲ. ಜ್ವರ ನಿಲ್ಲದಿದ್ದರೆ ಮರುದಿನ, ಬೇಕಾದರೆ ಅದರ ಮರುದಿನವೂ ರಕ್ತ ತೆಗೆಯುತ್ತೇನೆ. ಡೆಂಗಿ, ಇಲಿಜ್ವರದ ಪರೀಕ್ಷೆಯನ್ನು ಡಾಕ್ಟರು ಅದರ ಜೊತೆಗೇ ಮಾಡಿಸುತ್ತಾರೆ. ಮಂಪರು, ಏದುಸಿರು, ನಿಲ್ಲದ ವಾಂತಿ, ಹಳದಿ ಕಣ್ಣು ಕಂಡವರನ್ನು ಮಾತ್ರ ರಿಪೋರ್ಟಿಗೆ ಕಾಯಿಸದೆ ನೇರ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ.