"ಒಳ್ಳೆ ಪ್ಲಂಬರ್ ಇದ್ರೆ ಹೇಳಿ" ಅಂತ ಕೇಳುವ ಮುನ್ನ

ಬಡಾವಣೆಯ ಗ್ರೂಪಿನಲ್ಲಿ ಹೀಗಷ್ಟೇ ಕೇಳಿದರೆ ಬರುವುದು ಬರೀ ಫೋನ್ ನಂಬರ್. ಆತ ಟ್ಯಾಪ್ ಬದಲಿಸುವವರೋ, ಗೋಡೆ ಒಳಗಿನ ಪೈಪ್ ಸರಿಮಾಡುವವರೋ ಗೊತ್ತಾಗುವುದಿಲ್ಲ.

ಬಾತ್‌ರೂಮ್ ಗೋಡೆಯ ತೇವವನ್ನೇ ತಗೊಳ್ಳಿ. ರಾತ್ರಿ ಮಲಗುವ ಮುನ್ನ ಮನೆಯ ಎಲ್ಲ ನಲ್ಲಿ, ಫ್ಲಶ್ ಟ್ಯಾಂಕಿನ ಕಾಕ್ ಕೂಡ ಮುಚ್ಚಿ, ಮೇಲಿನ ಟ್ಯಾಂಕಿಗೆ ನೀರು ತುಂಬುವುದನ್ನೂ ನಿಲ್ಲಿಸಿ, ಅದರ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ನೀರಿನ ಪೈಪ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಮಟ್ಟ ಹಾಗೇ ಇದ್ದು, ಸ್ನಾನ ಮಾಡಿದ ದಿನ ಮಾತ್ರ ತೇವ ಹೆಚ್ಚಾದರೆ ಟೈಲ್ಸ್ ಸಂದನ್ನೋ ಹೊರಹೋಗುವ ಪೈಪನ್ನೋ ಅನುಮಾನಿಸಿ. ಆಗ ಬೇಕಾಗುವುದು ಗಾರೆ ಕೆಲಸದವರೇ ಇರಬಹುದು. (ಮಳೆ ಬಂದಾಗ ಮಾತ್ರ ಒದ್ದೆಯಾದರೆ ಹೊರಗೋಡೆ ನೋಡಿ.)

ಆಮೇಲೆ ಹೀಗೆ ಬರೆಯಿರಿ:

"ಹಾಸನ ವಿದ್ಯಾನಗರ, ಮೊದಲ ಮಹಡಿ. ಬಾತ್‌ರೂಮ್ ಗೋಡೆ ಒಳಗೆ ಸಿಪಿವಿಸಿ ಪೈಪ್ ಸೋರ್ತಿದೆ, ರಾತ್ರಿ ಟ್ಯಾಂಕ್ ನೀರು ಎರಡು ಇಂಚು ಇಳೀತು. ಈ ವಾರದೊಳಗೆ ಆಗಬೇಕು. ಕಳೆದ ಒಂದು ವರ್ಷದಲ್ಲಿ ಇಂಥದ್ದೇ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ: ಎಷ್ಟು ಟೈಲ್ಸ್ ಒಡೆದರು, ಕೂಲಿ ಎಷ್ಟು, ಸಾಮಾನು ಯಾರು ತಂದರು, ಮತ್ತೆ ಸೋರಿತಾ?"

ಕೊನೆಯ ಪ್ರಶ್ನೆ ಬಿಡಬೇಡಿ. "ಚೆನ್ನಾಗಿ ಮಾಡ್ತಾರೆ" ಅನ್ನುವವರು ಬಹಳ ಸಲ ಕೆಲಸ ಮುಗಿದ ದಿನದ ಮಾತು ಹೇಳುತ್ತಾರೆ. ಜಾಯಿಂಟ್ ಸರಿಯಾಗಿ ಅಂಟಿಲ್ಲದಿದ್ದರೆ ಕೆಲವೊಮ್ಮೆ ತಿಂಗಳುಗಳ ಮೇಲೆ ಸೋರುತ್ತದೆ. ಬರೀ ನಂಬರ್ ಹಾಕಿದವರಿಗೆ "ನಿಮ್ಮನೇಲಿ ಏನು ಕೆಲಸ ಮಾಡಿದ್ರು, ಯಾವಾಗ?" ಅಂತ ಒಂದೇ ಸಾಲು ಕೇಳಿ. ಮನೆ ನಂಬರ್ ಮಾತ್ರ ಎಲ್ಲರೆದುರು ಹಾಕಬೇಡಿ, ಬಡಾವಣೆ ಹೆಸರು ಸಾಕು.